√34 ಕೈಲೆಕ್ಕ: ಪ್ರತಿ ಹೆಜ್ಜೆಗೂ ಸರಿ ಅಂಕೆ ಎರಡರಷ್ಟಾಗಬೇಕಂತೆ, ನನ್ನದು 5.83ಕ್ಕೇ ನಿಂತಿದೆ

ಮೇಘನಾ_ಜಯನಗರ

ಎಲ್ಲರಿಗೂ ನಮಸ್ಕಾರ. ನಮ್ಮ ಭಾವ ಕೆಂಗೇರಿ ಕಡೆ 30-50 ಸೈಟು ತಗೊಂಡಿದ್ದಾರೆ. ಅದರ ಮೂಲೆಯಿಂದ ಮೂಲೆಗೆ ಎಷ್ಟು ಅಡಿ ಅಂತ ಮಾತು ಬಂತು. 900 ಕೂಡಿಸು 2500, ಅಂದರೆ 3400ರ ವರ್ಗಮೂಲ. √34 ಕಂಡುಹಿಡಿದು 10ರಿಂದ ಗುಣಿಸಿದರೆ ಆಯಿತು. ಫೋನ್ ಮುಟ್ಟದೆ ಬ್ಯಾಬಿಲೋನಿಯನ್ ವಿಧಾನದಲ್ಲಿ ಮಾಡೋಣ ಅಂತ ಕೂತೆ. ಒಂದು ಊಹೆ ಇಟ್ಟುಕೊಳ್ಳುವುದು, ಅದರಿಂದ 34ನ್ನು ಭಾಗಿಸುವುದು, ಊಹೆ ಮತ್ತು ಭಾಗಲಬ್ಧ ಎರಡರ ಸರಾಸರಿ ತೆಗೆಯುವುದು, ಆ ಸರಾಸರಿಯೇ ಮುಂದಿನ ಊಹೆ. ಇಷ್ಟೇ ಅಲ್ವಾ?

6ರಿಂದ ಶುರು ಮಾಡಿದೆ. 34 ÷ 6 = 5.67. ಸರಾಸರಿ 5.835, ಅದನ್ನು 5.83 ಅಂತ ಇಟ್ಟುಕೊಂಡೆ. ಮತ್ತೆ 34 ÷ 5.83 = 5.83. ಸರಾಸರಿ 5.83. ಮತ್ತೆ ಮಾಡಿದರೂ 5.83. ಪ್ರತಿ ಹೆಜ್ಜೆಗೂ ಸರಿಯಾದ ಅಂಕೆಗಳು ಹೆಚ್ಚುಕಡಿಮೆ ಎರಡರಷ್ಟಾಗುತ್ತವೆ ಅಂತ ಓದಿದ್ದೆ. ಇಲ್ಲಿ ಮೂರಕ್ಕೇ ನಿಂತುಬಿಟ್ಟಿದೆ. ಯಾಕೆ?

ಕೋಡ್_ಕಿಟ್ಟಿ

ಎರಡರಷ್ಟು ಅನ್ನುವುದೆಲ್ಲ ಸುಮ್ನೆ ಅನ್ಸುತ್ತೆ. ಸರಾಸರಿ ಅಂದರೆ ಏನು? ಅರ್ಧ ಮಾಡುವುದು. ಹಾಗಾಗಿ ತಪ್ಪು ಪ್ರತಿ ಸಲ ಅರ್ಧಕ್ಕೆ ಇಳಿಯುತ್ತದೆ. ಅರ್ಧ, ಕಾಲು, ಅರೆಕಾಲು ಅಂತ ಹೋದರೆ ಒಂದು ಹೊಸ ಅಂಕೆ ಸಿಗಲು ಮೂರ್ನಾಲ್ಕು ಹೆಜ್ಜೆ ಬೇಕು. 34ರಿಂದಲೇ ಶುರು ಮಾಡಿ ನೋಡಿ: 34, 17.5, 9.72. ಅರ್ಧ ಅರ್ಧ ಆಗ್ತಿದೆ ತಾನೇ?

ಗಣಿತದ_ಮೇಷ್ಟ್ರು

ಕಿಟ್ಟಿ, ನೀನು ಮೂರನೇ ಸಾಲಿಗೇ ನಿಲ್ಲಿಸಿದ್ದೀಯ. ಮುಂದಕ್ಕೆ ಹೋಗು. 34, 17.5, 9.72, 6.61, 5.877, 5.8311. ಮೊದಲ ಎರಡು ಹೆಜ್ಜೆ ಹೆಚ್ಚುಕಡಿಮೆ ನೀನು ಹೇಳಿದ ಹಾಗೆಯೇ ಅರ್ಧ ಅರ್ಧ. ಯಾಕೆಂದರೆ ಊಹೆ ತುಂಬಾ ದೊಡ್ಡದಿದ್ದಾಗ ಭಾಗಲಬ್ಧ ತೀರ ಚಿಕ್ಕದು, ಸರಾಸರಿಗೆ ಅದರ ಕೊಡುಗೆ ಏನೂ ಇಲ್ಲ. ಆದರೆ 6.61 ಬಂದಮೇಲೆ ನೋಡು. ತಪ್ಪು 0.78 ಇತ್ತು, ಮುಂದೆ 0.046 ಆಯಿತು, ಅದರ ಮುಂದೆ 0.00018. ಇದು ಅರ್ಧವಾಗುವ ವೇಗವಲ್ಲ.

ಮೇಘನಾ, ನಿಮ್ಮ ವಿಧಾನ ಸರಿ ಇದೆ. ಮೊದಲ ಹೆಜ್ಜೆಗೇ ಮೂರು ಅಂಕೆ ಸಿಕ್ಕಿವೆ. ಮುಂದಿನ ಹೆಜ್ಜೆ ಆರೋ ಏಳೋ ಅಂಕೆ ಕೊಡಲು ಸಿದ್ಧವಾಗಿತ್ತು, ನೀವು ಜಾಗವನ್ನೇ ಇಟ್ಟಿಲ್ಲ. 34 ÷ 5.83 ಸರಿಯಾಗಿ 5.83 ಅಲ್ಲ. ಭಾಗಾಕಾರವನ್ನು ಎರಡನೇ ದಶಮಾಂಶಕ್ಕೆ ನಿಲ್ಲಿಸಿದ್ದಕ್ಕೆ ಹಾಗೆ ಕಂಡಿತು. ಹೊಸ ಅಂಕೆಗಳೆಲ್ಲ ಅದರ ಆಚೆ ಕೂತಿವೆ.

ಅದೇ ಭಾಗಾಕಾರ ಮುಂದುವರಿಸಿ. 3400 ÷ 583 ಅಂತ ಬರೆದುಕೊಳ್ಳಿ. 5, 8, 3 ಬಂದಮೇಲೆ 111 ಶೇಷ ಉಳಿಯುತ್ತದೆ. ಅಲ್ಲಿ ನಿಲ್ಲಿಸದೆ ಸೊನ್ನೆ ಇಳಿಸುತ್ತಾ ಹೋದರೆ 1, 9, 0, 3, 9, 4 ಬರುತ್ತವೆ. ಅಂದರೆ 5.83190394. ಈಗ 5.83 ಜೊತೆ ಸರಾಸರಿ ತೆಗೆಯಿರಿ: 5.83095197. ನಿಜವಾದ √34 ಎಂದರೆ 5.83095189... ಒಂದೇ ಭಾಗಾಕಾರಕ್ಕೆ ಮೂರು ಅಂಕೆ ಇದ್ದದ್ದು 5.830951 ಅಂತ ಏಳು ಅಂಕೆ ಆಯಿತು.

ಕೈಲೆಕ್ಕದಲ್ಲಿ ಒಂದೇ ನಿಯಮ ನೆನಪಿಟ್ಟುಕೊಳ್ಳಿ. ಊಹೆಯನ್ನು ಕತ್ತರಿಸಬಹುದು, ಭಾಗಲಬ್ಧವನ್ನು ಕತ್ತರಿಸಬಾರದು. ಊಹೆಯಲ್ಲಿ ಎಷ್ಟು ಅಂಕೆ ಸರಿ ಇದೆಯೋ, ಭಾಗಾಕಾರವನ್ನು ಅದರ ಎರಡರಷ್ಟು ಅಂಕೆಗೆ, ಬೇಕಿದ್ದರೆ ಇನ್ನೊಂದೆರಡು ಜಾಸ್ತಿ, ಎಳೆದುಕೊಂಡು ಹೋಗಬೇಕು. ನೀವು 5.835ನ್ನು 5.83 ಮಾಡಿದ್ದರಿಂದ ಏನೂ ಕೆಡಲಿಲ್ಲ. ನಿಜ ಹೇಳಬೇಕೆಂದರೆ ಒಳ್ಳೆಯದೇ ಆಯಿತು, 583ರಿಂದ ಭಾಗಿಸುವುದು ಸುಲಭ.

ಮೇಘನಾ_ಜಯನಗರ

ಓಹ್, ಸರ್! 111 ಶೇಷವನ್ನು ನಾನು ಹಾಗೇ ಬಿಟ್ಟುಬಿಟ್ಟಿದ್ದೆ. ಈಗ 5.83095197 ಬಂತು. ಆದರೆ ಇದು ಯಾಕೆ ಎರಡರಷ್ಟಾಗುತ್ತದೆ ಅನ್ನುವುದು ಇನ್ನೂ ಹೊಳೆಯಲಿಲ್ಲ. ಕಿಟ್ಟಿ ಹೇಳಿದ್ದೇ ಸರಿ ಅನ್ಸುತ್ತೆ, ಸರಾಸರಿ ಅಂದರೆ ಅರ್ಧ ತಾನೇ?

ಶಾಂತಕ್ಕ_ಬಸವನಗುಡಿ

ಇದಕ್ಕೆ ಯಾಕಮ್ಮ ಇಷ್ಟು ಒದ್ದಾಟ? ಶಾಲೆಯಲ್ಲಿ ಹೇಳಿಕೊಟ್ಟ ಭಾಗಾಕಾರದ ಕ್ರಮವೇ ಇದೆಯಲ್ಲ, ಎರಡೆರಡು ಅಂಕೆ ಜೋಡಿ ಮಾಡಿಕೊಂಡು. 34ಕ್ಕೆ 5, ಉಳಿದದ್ದು 9. 900 ಇಳಿಸಿ, 108 ಎಂಟಲಿ 864, ಉಳಿದದ್ದು 36. 3600 ಇಳಿಸಿ, 1163 ಮೂರಲಿ 3489, ಉಳಿದದ್ದು 111. ಬಂತು 5.83. ಊಹೆಯೂ ಬೇಡ, ಸರಾಸರಿಯೂ ಬೇಡ. ನನ್ನ ಮೊಮ್ಮಗನಿಗೂ ಇದೇ ಹೇಳಿಕೊಟ್ಟಿದ್ದೇನೆ.

ಗಣಿತದ_ಮೇಷ್ಟ್ರು

ಶಾಂತಕ್ಕ, ಮೇಘನಾ ಕೇಳಿದ್ದು ಬೇರೆ. ಆದರೂ ನೀವು ಬರೆದದ್ದು ಒಳ್ಳೆಯದಾಯಿತು. ನಿಮ್ಮ ಕ್ರಮದಲ್ಲಿ ಒಂದು ಸುತ್ತಿಗೆ ಒಂದೇ ಅಂಕೆ, ಖಾತ್ರಿಯಾಗಿ ಒಂದು. ಹತ್ತು ಅಂಕೆ ಬೇಕಾದರೆ ಹತ್ತು ಸುತ್ತು, ಸುತ್ತು ಹೆಚ್ಚಿದಷ್ಟೂ ಭಾಜಕ ಉದ್ದವಾಗುತ್ತದೆ. ಅದಕ್ಕಿಂತ ಮುಖ್ಯ, ನಿಮ್ಮ ಕೊನೆಯ ಶೇಷ ನೋಡಿ: 111. ಮೇಘನಾ ಅವರ ಭಾಗಾಕಾರದಲ್ಲಿ ಉಳಿದದ್ದೂ 111. ಕಾಕತಾಳೀಯ ಅಲ್ಲ. ಎರಡು ಕಡೆಯೂ ಅದು 34ರಿಂದ 5.83ರ ವರ್ಗ ಕಳೆದಾಗ ಉಳಿಯುವ 0.0111.

ಹಾಗಾಗಿ ಎರಡನ್ನೂ ಬೆಸೆಯಬಹುದು. ಮೊದಲ ಮೂರು ಅಂಕೆ ಶಾಂತಕ್ಕನ ಕ್ರಮದಲ್ಲಿ ತೆಗೆಯಿರಿ. ಆಮೇಲೆ ಆ 0.0111ನ್ನು 5.83ರ ಎರಡರಷ್ಟಾದ 11.66ರಿಂದ ಭಾಗಿಸಿ. 0.00095197 ಬರುತ್ತದೆ. 5.83ಕ್ಕೆ ಕೂಡಿಸಿದರೆ 5.83095197, ಬ್ಯಾಬಿಲೋನಿಯನ್ ಹೆಜ್ಜೆಯಲ್ಲಿ ಬಂದದ್ದೇ ಉತ್ತರ. ನನ್ನ ಪ್ರಕಾರ ಕೈಯಲ್ಲಿ ಮಾಡುವವರಿಗೆ ಇದಕ್ಕಿಂತ ಚಿಕ್ಕ ದಾರಿ ಇಲ್ಲ.

ಈಗ ಯಾಕೆ ಅನ್ನುವುದಕ್ಕೆ ಬರುತ್ತೇನೆ. 6ರಿಂದ ಶುರುಮಾಡಿ, ಈ ಸಲ ಊಹೆಯನ್ನೂ ಕತ್ತರಿಸದೆ ಮಾಡೋಣ. ಮೊದಲ ಸರಾಸರಿ 5.833333333. ಅದರಿಂದ 34ನ್ನು ಭಾಗಿಸಿದರೆ 5.828571429. ಒಂದು ಜಾಸ್ತಿ, ಒಂದು ಕಡಿಮೆ. ಎಷ್ಟು ಜಾಸ್ತಿ, ಎಷ್ಟು ಕಡಿಮೆ ಅಂತ ನಿಜವಾದ ಬೆಲೆಯ ಜೊತೆ ಹೋಲಿಸಿ:

```
5.833333333   0.002381438 ಜಾಸ್ತಿ
5.828571429   0.002380466 ಕಡಿಮೆ
```

ನೋಡಿದ್ರಾ? ಎರಡೂ ಸರಿಸುಮಾರು ಒಂದೇ. ಕಿಟ್ಟಿ ಅಂದುಕೊಂಡ ಹಾಗೆ ಒಂದು ತಪ್ಪನ್ನು ಅರ್ಧ ಮಾಡುತ್ತಿಲ್ಲ ನಾವು. ಜಾಸ್ತಿಯನ್ನೂ ಕಡಿಮೆಯನ್ನೂ ಎದುರುಬದುರು ನಿಲ್ಲಿಸಿ ಒಂದನ್ನೊಂದು ಹೊಡೆದುಹಾಕಿಸುತ್ತಿದ್ದೇವೆ. ಉಳಿಯುವುದು ಎರಡರ ನಡುವಿನ ಚೂರು ವ್ಯತ್ಯಾಸ, 0.000000972. ಅರ್ಧ ಆಗುವುದು ಈ ಚೂರು. ಹಾಗಾಗಿ ಹೊಸ ತಪ್ಪು 0.000000486.

ಆ ಚೂರು ಎಷ್ಟು ದೊಡ್ಡದು ಅಂತ ಬೀಜಗಣಿತ ಹೇಳುತ್ತದೆ. ಊಹೆ x, ನಿಜವಾದ ಮೂಲ r ಆದರೆ,

```
(x + 34/x)/2 - r = (x - r)² / (2x)
```

34ರ ಜಾಗಕ್ಕೆ r² ಹಾಕಿ ಬಿಡಿಸಿ, ಎರಡು ಸಾಲಿನಲ್ಲಿ ಬರುತ್ತದೆ. ಹೊಸ ತಪ್ಪು ಎಂದರೆ ಹಳೆ ತಪ್ಪಿನ ವರ್ಗ, ಭಾಗಿಸು 2x. ಸಾವಿರದಲ್ಲಿ ಎರಡರಷ್ಟು ತಪ್ಪಿದ್ದರೆ ಅದರ ವರ್ಗ ಹತ್ತು ಲಕ್ಷದಲ್ಲಿ ನಾಲ್ಕು. ದಶಮಾಂಶದ ನಂತರದ ಸೊನ್ನೆಗಳು ಎರಡರಷ್ಟಾಗುವುದು ಇಲ್ಲಿಂದ.

ಮೇಘನಾ_ಜಯನಗರ

ಹೊಡೆದುಹಾಕುವುದು ಅಂದಾಗ ಅರ್ಥ ಆಯಿತು ಸರ್. ಮೂರನೇ ಹೆಜ್ಜೆಯನ್ನೂ ಕೈಯಲ್ಲೇ ಮಾಡಬಹುದಾ? 34ನ್ನು 5.830952381ರಿಂದ ಭಾಗಿಸುವುದು ನೋಡಿದರೇ ತಲೆ ತಿರುಗುತ್ತೆ.

ಗಣಿತದ_ಮೇಷ್ಟ್ರು

ದಶಮಾಂಶ ಬಿಟ್ಟು ಭಿನ್ನರಾಶಿಯಲ್ಲಿ ಮಾಡಿ. ಮೊದಲ ಸರಾಸರಿ 35/6. ಅದರಿಂದ 34ನ್ನು ಭಾಗಿಸಿದರೆ 204/35. ಇವೆರಡರ ಸರಾಸರಿ 2449/420. ಇಲ್ಲಿವರೆಗೆ ಬಾಯಿಲೆಕ್ಕ ಅಂತಲೇ ಅನ್ನಬಹುದು. ಇನ್ನೊಂದು ಹೆಜ್ಜೆ ಹೋದರೆ 11995201/2057160. ಈಗ ಕೊನೆಯಲ್ಲಿ ಒಂದೇ ಒಂದು ಉದ್ದ ಭಾಗಾಕಾರ, ಕೂತು ಮಾಡಿದರೆ ಆಗುತ್ತದೆ. ಸಾಲಾಗಿ ಬರೆದರೆ ಹೀಗಿರುತ್ತದೆ:

```
6
5.8333333
5.830952381
5.83095189484532
```

ನಿಜವಾದದ್ದು 5.83095189484530. ಎರಡನೇ ಸಾಲಿನಲ್ಲಿ 5.83 ಅಂತ ಮೂರು ಅಂಕೆ ಸರಿ. ಮೂರನೇ ಸಾಲಿನಲ್ಲಿ 5.83095 ಅಂತ ಆರು. ನಾಲ್ಕನೇ ಸಾಲಿನಲ್ಲಿ 5.8309518948453 ಅಂತ ಹದಿನಾಲ್ಕು.

ಕೋಡ್_ಕಿಟ್ಟಿ

ಆರರ ಎರಡರಷ್ಟು ಹನ್ನೆರಡು. ಹದಿನಾಲ್ಕು ಎಲ್ಲಿಂದ ಬಂತು ಮೇಷ್ಟ್ರೇ? ಲೆಕ್ಕ ಹೊಂದ್ತಿಲ್ಲ 🙂

ಗಣಿತದ_ಮೇಷ್ಟ್ರು

ಒಳ್ಳೆ ಪ್ರಶ್ನೆ. ಅದಕ್ಕೇ "ಹೆಚ್ಚುಕಡಿಮೆ" ಅನ್ನುವುದು. 5.830952381ರಲ್ಲಿ ಆರು ಅಂಕೆ ಸರಿ ಅಂದೆವು, ಆದರೆ ತಪ್ಪು ಇರುವುದು 0.0000005ಕ್ಕಿಂತ ಕಡಿಮೆ. ಅಂದರೆ ಏಳನೇ ಅಂಕೆಗೆ ಸರಿಹೊಂದಿಸಿ ಬರೆದರೆ ಎರಡೂ 5.830952. ಅಂಕೆ ಎಣಿಸುವುದು ಒರಟು ಅಳತೆ, ತಪ್ಪಿನ ಗಾತ್ರ ನೋಡುವುದು ನಿಖರ ಅಳತೆ. ಏಳರಿಂದ ಹದಿನಾಲ್ಕು ಅಂದರೆ ಸರಿಹೋಯಿತಲ್ಲ.

ಇನ್ನೊಂದು ಎಚ್ಚರ. ದಶಮಾಂಶದ ನಂತರದ ಸ್ಥಾನಗಳನ್ನು ಮಾತ್ರ ಎಣಿಸಬೇಡಿ. ಇಲ್ಲಿ 2x ಸುಮಾರು 11.66, ಹಾಗಾಗಿ ಪ್ರತಿ ಹೆಜ್ಜೆಯಲ್ಲೂ ಒಂದು ಸೊನ್ನೆ ಬಿಟ್ಟಿಯಾಗಿ ಸಿಗುತ್ತದೆ. ಅದೇ 0.0034ರ ವರ್ಗಮೂಲ ತೆಗೆದರೆ 2x ಸುಮಾರು 0.117. ಅದರಿಂದ ಭಾಗಿಸಿದರೆ ತಪ್ಪು ಎಂಟು ಪಟ್ಟಿಗಿಂತ ಜಾಸ್ತಿ ಹಿಗ್ಗುತ್ತದೆ. ಅಲ್ಲಿ ಸ್ಥಾನ ಎಣಿಸಿದರೆ ವಿಧಾನ ಕೆಟ್ಟಿದೆ ಅನ್ನಿಸಬಹುದು. ಮೊದಲ ಸೊನ್ನೆಯಲ್ಲದ ಅಂಕೆಯಿಂದ ಎಣಿಸಿದರೆ ಎರಡು ಕಡೆಯೂ ಕತೆ ಒಂದೇ.

ಸೈಟ್_ಸೀನಣ್ಣ

ನಾನು ಬಿಲ್ಡಿಂಗ್ ಕಂಟ್ರಾಕ್ಟ್ ಕೆಲಸದವನು. ನೀವು ಹದಿನಾಲ್ಕು ಅಂಕೆ ತಗೊಂಡು ಏನು ಮಾಡ್ತೀರಾ ಅಂತ! ಸೈಟಲ್ಲಿ ಮಾರ್ಕಿಂಗ್ ಮಾಡುವಾಗ ನಾವು ದಾರ ಕಟ್ಟಿ, ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಹಾಕಿ ಅಡ್ಡಕ್ಕೆ 5 ಬಂತಾ ಅಂತ ನೋಡ್ತೀವಿ. ಕೊನೆಗೆ ಎರಡೂ ಕರ್ಣ ಟೇಪಲ್ಲಿ ಅಳೆದು ಸಮ ಇದ್ದರೆ ಮುಗೀತು. ವರ್ಗಮೂಲ ಯಾರು ಹಾಕ್ತಾರೆ? 30-40 ಸೈಟಾದರೆ ಕರ್ಣ ಸರಿಯಾಗಿ 50 ಅಡಿ, ಅದಂತೂ ಬಾಯಲ್ಲೇ ಇರುತ್ತೆ.

ಆದರೂ ಮೇಷ್ಟ್ರೇ, 30-50ಗೆ ನಿಮ್ಮ ಮೊದಲ ಹೆಜ್ಜೆಯ 58.33 ಅಡಿ ಇಟ್ಟುಕೊಂಡರೆ ಸಾಕಲ್ವಾ? 58 ಅಡಿ 4 ಇಂಚು.

ಗಣಿತದ_ಮೇಷ್ಟ್ರು

ಸೀನಣ್ಣ, ಎದುರುಬದುರು ಬದಿಗಳು ಸಮ ಇದ್ದರೆ ಎರಡು ಕರ್ಣ ಹೋಲಿಸುವುದು ಪಕ್ಕಾ ಕ್ರಮ, ಅದಕ್ಕೆ ಯಾವ ಲೆಕ್ಕವೂ ಬೇಡ. ಆದರೆ ಒಂದೇ ಕರ್ಣ ಹಿಡಿದು ಮೂಲೆ ಕೂರಿಸುವುದಾದರೆ 58 ಅಡಿ 4 ಇಂಚು ಸಾಲದು. ಎರಡನೇ ಹೆಜ್ಜೆಯ 58.3095 ಅಡಿ ಅಂದರೆ 58 ಅಡಿ ಮೂರು ಮುಕ್ಕಾಲು ಇಂಚಿಗೆ ಒಂದು ಎಳೆ ಕಡಿಮೆ. ವ್ಯತ್ಯಾಸ ಕಾಲಿಂಚಿಗಿಂತ ಸ್ವಲ್ಪ ಜಾಸ್ತಿ. ಅಷ್ಟು ತಪ್ಪಿದರೆ 30 ಅಡಿ ಬದಿಯ ತುದಿ ಸುಮಾರು ಮೂರನೇ ಒಂದು ಇಂಚು ಆಚೆ ಸರಿಯುತ್ತದೆ. ಮೂರನೇ ಹೆಜ್ಜೆ ಸೈಟಿಗೆ ಬೇಡವೇ ಬೇಡ, ಟೇಪಿಗೇ ಅಷ್ಟು ನಿಖರತೆ ಇಲ್ಲ.

ಸೈಟ್_ಸೀನಣ್ಣ

ಮೂರನೇ ಒಂದು ಇಂಚು ಪ್ಲಾಸ್ಟರಲ್ಲಿ ಮುಚ್ಚಿಹೋಗುತ್ತೆ ಬಿಡಿ 😀

ಗಣಿತದ_ಮೇಷ್ಟ್ರು

ಪ್ಲಾಸ್ಟರಲ್ಲಿ ಮುಚ್ಚಬಹುದು, ಟೈಲ್ಸ್ ಹಾಕುವವನು ಬಂದಾಗ ಹೇಳ್ತಾನೆ.

ಹಳೇಕಾಲದ_ಹವ್ಯಾಸಿ

ಇಲ್ಲಿ ಯಾರೂ ಇತಿಹಾಸ ಹೇಳಲಿಲ್ಲ. ಈ ವಿಧಾನವನ್ನು ಬ್ಯಾಬಿಲೋನಿನವರು ಜೇಡಿಮಣ್ಣಿನ ಫಲಕದ ಮೇಲೆ ಬರೆದಿಟ್ಟಿದ್ದಾರೆ. ಯೇಲ್ ವಿಶ್ವವಿದ್ಯಾಲಯದಲ್ಲಿ ಇದೆ, ವೈಬಿಸಿ 7289 ಅಂತ. ಸುಮಾರು ಕ್ರಿ.ಪೂ. 1800ರಿಂದ 1600ರ ಕಾಲದ್ದು. ಒಂದು ಚೌಕ, ಅದರ ಕರ್ಣ, ಪಕ್ಕದಲ್ಲಿ √2ರ ಬೆಲೆ.

ಗಣಿತದ_ಮೇಷ್ಟ್ರು

ಫಲಕ ಇದೆ, ಬೆಲೆಯೂ ಇದೆ. ಆದರೆ ಅದರಲ್ಲಿ ವಿಧಾನ ಇಲ್ಲ. 60ರ ಪದ್ಧತಿಯಲ್ಲಿ 1, 24, 51, 10 ಅಂತ ಬರೆದಿದ್ದಾರೆ. ನಮ್ಮ ಲೆಕ್ಕಕ್ಕೆ ತಂದರೆ 1.41421296, ನಿಜವಾದದ್ದು 1.41421356. ಹೇಗೆ ಬಂತು ಅಂತ ಒಂದು ಗೆರೆಯೂ ಇಲ್ಲ.

ಹೆಜ್ಜೆಗಳನ್ನು ಬಿಡಿಸಿ ಹೇಳಿದ್ದು ಅಲೆಕ್ಸಾಂಡ್ರಿಯಾದ ಹೆರಾನ್, ಕ್ರಿ.ಶ. ಮೊದಲ ಶತಮಾನದಲ್ಲಿ. ಅವನ ಉದಾಹರಣೆ 720. ಹತ್ತಿರದ ವರ್ಗ 729, ಹಾಗಾಗಿ ಊಹೆ 27. 720ನ್ನು 27ರಿಂದ ಭಾಗಿಸಿ, ಕೂಡಿಸಿ, ಅರ್ಧ ಮಾಡಿದರೆ 26 5/6. ಇದರ ವರ್ಗ 720 1/36. ಇನ್ನೂ ಹತ್ತಿರ ಬೇಕಾದರೆ 729ರ ಜಾಗದಲ್ಲಿ ಇದನ್ನಿಟ್ಟು ಮತ್ತೆ ಮಾಡಿ ಅಂತಾನೆ.

ಹಳೇಕಾಲದ_ಹವ್ಯಾಸಿ

ಆದರೆ ವಿಧಾನ ಇಲ್ಲದೆ ಅಷ್ಟು ನಿಖರವಾಗಿ ಬರಲು ಸಾಧ್ಯವೇ? 1.5ರಿಂದ ಶುರುಮಾಡಿದರೆ 17/12, ಆಮೇಲೆ 577/408 ಬರುತ್ತದೆ. ನಮ್ಮ ಬೌಧಾಯನ ಶುಲ್ಬಸೂತ್ರದ ಬೆಲೆಯೂ ಅದೇ 577/408. ಅದನ್ನು 60ರ ಪದ್ಧತಿಗೆ ತಂದು ಅಷ್ಟೇ ಸ್ಥಾನಕ್ಕೆ ಕತ್ತರಿಸಿದರೆ ಫಲಕದ 1, 24, 51, 10 ಬರುತ್ತದೆ. ಇದಕ್ಕಿಂತ ಸಾಕ್ಷಿ ಬೇಕೇ?

ಗಣಿತದ_ಮೇಷ್ಟ್ರು

ನಿಜವಾದ √2ನ್ನು ಕತ್ತರಿಸಿದರೂ ಅದೇ 1, 24, 51, 10 ಬರುತ್ತದೆ. ಹಾಗಾಗಿ ಹೊಂದುತ್ತದೆ ಅನ್ನಬಹುದು, ಸಾಬೀತಾಯಿತು ಅನ್ನಲಾಗದು. ನೀವು ಒಪ್ಪುವುದಿಲ್ಲ ಅಂತ ಗೊತ್ತು.

ಹಳೇಕಾಲದ_ಹವ್ಯಾಸಿ

ಒಪ್ಪುವುದಿಲ್ಲ 🙂

ಕೋಡ್_ಕಿಟ್ಟಿ

ಮೇಷ್ಟ್ರೇ, ನಿಮ್ಮ ಮಾತು ಪರೀಕ್ಷೆ ಮಾಡೋಣ ಅಂತ ಪೈಥಾನ್‌ನಲ್ಲಿ ಬರೆದೆ:

```
x = 6
for i in range(6):
    x = (x + 34/x) / 2
    print(x)
```

ಮೂರನೇ ಸಾಲಿನವರೆಗೆ ನೀವು ಹೇಳಿದ ಹಾಗೇ ಬಂತು. ಆಮೇಲೆ 28 ಅಂಕೆ ಸರಿ ಬರಬೇಕಲ್ಲ? 5.830951894845301 ಅಂತ ತೋರಿಸಿ ಅಲ್ಲೇ ನಿಂತಿದೆ. ಎರಡರಷ್ಟಾಗುವುದು ನಿಂತುಹೋಯಿತು.

ಮೇಘನಾ_ಜಯನಗರ

ಕಿಟ್ಟಿ, ಇದು ನನ್ನ 5.83 ಕತೆಯೇ ಅಲ್ವಾ? ನಾನು ಎರಡು ದಶಮಾಂಶಕ್ಕೆ ನಿಲ್ಲಿಸಿದೆ, ನಿನ್ನ ಕಂಪ್ಯೂಟರ್ ಎಲ್ಲಿಗೆ ನಿಲ್ಲಿಸುತ್ತದೆ?

ಗಣಿತದ_ಮೇಷ್ಟ್ರು

ಅದೇ ಕತೆ. ಆ ಸಂಖ್ಯೆಗಳಲ್ಲಿ ಸುಮಾರು 16 ಅಂಕೆಗೆ ಮಾತ್ರ ಜಾಗ. ಜಾಸ್ತಿ ಜಾಗ ಕೊಟ್ಟು ನೋಡು:

```
from decimal import Decimal, getcontext
getcontext().prec = 60
x = Decimal(6)
```

ಉಳಿದ ಸಾಲುಗಳು ಅವೇ. ಮೂರನೇ ಸರಾಸರಿಯ ತಪ್ಪು ದಶಮಾಂಶದ ನಂತರ 14ನೇ ಸ್ಥಾನದಲ್ಲಿ ಇತ್ತು. ನಾಲ್ಕನೆಯದರದ್ದು 29ನೇ ಸ್ಥಾನಕ್ಕೆ ಹೋಗುತ್ತದೆ. ಐದನೆಯದರದ್ದು 58ನೇ ಸ್ಥಾನಕ್ಕೆ, ಆರನೆಯದರಲ್ಲಿ 60 ಅಂಕೆಯೂ ತುಂಬಿಹೋಗುತ್ತದೆ.

ಶಾಂತಕ್ಕ_ಬಸವನಗುಡಿ

ನನ್ನದೊಂದು ಅನುಮಾನ. ನಮ್ಮ ಕ್ರಮದಲ್ಲಿ ಮಧ್ಯೆ ಒಂದು ಅಂಕೆ ತಪ್ಪಿದರೆ ಕೊನೆವರೆಗೂ ತಪ್ಪು. ಇದರಲ್ಲಿ ಕೈತಪ್ಪಿದರೆ ಗೊತ್ತಾಗುತ್ತದೆಯೇ?

ಗಣಿತದ_ಮೇಷ್ಟ್ರು

ಗೊತ್ತಾಗುತ್ತದೆ ಶಾಂತಕ್ಕ, ಅದೇ ಇದರ ಚೆಂದ. ಬೇಕಂತಲೇ ಒಂದು ತಪ್ಪು ಮಾಡಿ ನೋಡೋಣ. ಎರಡನೇ ಭಾಗಲಬ್ಧ 5.8285714 ಬರೆಯುವ ಬದಲು 5.8328571 ಅಂತ ಬರೆದೆವು ಅಂದುಕೊಳ್ಳಿ. ಸರಾಸರಿ 5.8330952 ಆಗುತ್ತದೆ. ಇದರಿಂದ 34ನ್ನು ಭಾಗಿಸಿದರೆ 5.8288094. ಈಗ ಊಹೆಯನ್ನೂ ಭಾಗಲಬ್ಧವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಒಂದೇ ಆಗಿರುವುದು 5.8 ಮಾತ್ರ. ಹಿಂದಿನ ಹೆಜ್ಜೆಯಲ್ಲೂ ಅಷ್ಟೇ ಹೊಂದಿತ್ತು. ಹೊಂದುವ ಅಂಕೆಗಳು ಬೆಳೆಯಲಿಲ್ಲ ಅಂದರೆ ಹಿಂದೆ ಎಲ್ಲೋ ಕೈತಪ್ಪಿದೆ.

ಆದರೆ ಹಿಂದೆ ಹೋಗಿ ಹುಡುಕುವುದೂ ಬೇಡ. ಇವೆರಡರ ಸರಾಸರಿ 5.8309523. ಮತ್ತೆ ದಾರಿಗೆ ಬಂತು. ತಪ್ಪಾದ ಸಂಖ್ಯೆಯೂ ಈ ವಿಧಾನಕ್ಕೆ ಇನ್ನೊಂದು ಊಹೆ ಅಷ್ಟೇ, ಒಂದು ಹೆಜ್ಜೆ ದಂಡ ಕಟ್ಟಿ ಮುಂದೆ ಹೋಗುತ್ತೀರಿ. ಕೊನೆಯ ಭಾಗಾಕಾರದಲ್ಲಿ ತಪ್ಪಿದರೆ ಮಾತ್ರ ತಿದ್ದಲು ಮುಂದೆ ಹೆಜ್ಜೆ ಇಲ್ಲ, ಅದೊಂದನ್ನು ಎರಡು ಸಲ ನೋಡಿ.

ಶಾಂತಕ್ಕ_ಬಸವನಗುಡಿ

ಹಾಗಾದರೆ ಭಾಗಲಬ್ಧ ಊಹೆಗಿಂತ ದೊಡ್ಡದು ಬಂದರೂ ತಪ್ಪು ಅಂತ ತಿಳಿಯಬೇಕಾ? ಎಲ್ಲ ಕಡೆ ಊಹೆಯೇ ದೊಡ್ಡದಿದೆ.

ಗಣಿತದ_ಮೇಷ್ಟ್ರು

ಏನನ್ನೂ ಕತ್ತರಿಸದಿದ್ದರೆ ಹೌದು. ಒಮ್ಮೆ ಸರಾಸರಿ ತೆಗೆದಮೇಲೆ ಅದು ಮೂಲಕ್ಕಿಂತ ಮೇಲೆಯೇ ಇರುತ್ತದೆ, ಮೇಲಿನ ಸೂತ್ರದಲ್ಲಿ ಬಲಗಡೆ ವರ್ಗ ಇದೆ ನೋಡಿ, ಅದು ಋಣ ಆಗುವುದಿಲ್ಲ. ಆದರೆ ಮೇಘನಾ ಕತ್ತರಿಸಿದ 5.83 ಮೂಲಕ್ಕಿಂತ ಕೆಳಗಿದೆ, ಹಾಗಾಗಿ ಅಲ್ಲಿ ಭಾಗಲಬ್ಧ ದೊಡ್ಡದು ಬಂತು. ಅದು ತಪ್ಪಲ್ಲ.

ಮೇಘನಾ_ಜಯನಗರ

ಭಾವನಿಗೆ 58 ಅಡಿ ಮೂರು ಮುಕ್ಕಾಲು ಇಂಚು ಅಂತ ಹೇಳಿದ್ದೇನೆ. ಈಗ ಇನ್ನೊಂದು ಪ್ರಶ್ನೆ: ಘನಮೂಲಕ್ಕೂ ಹೀಗೇ ಊಹೆ ಮತ್ತು ಭಾಗಲಬ್ಧದ ಸರಾಸರಿ ತೆಗೆಯಬಹುದಾ? 34ನ್ನು ಊಹೆಯ ವರ್ಗದಿಂದ ಭಾಗಿಸಿ ಅರ್ಧ ಮಾಡಿ ನೋಡಿದೆ. ಹತ್ತಿರಕ್ಕೆ ಬರುತ್ತಿದೆ, ಆದರೆ ಒಮ್ಮೆ ಮೇಲೆ ಒಮ್ಮೆ ಕೆಳಗೆ ಆಡುತ್ತಾ ತುಂಬಾ ನಿಧಾನ.

ಕೋಡ್_ಕಿಟ್ಟಿ

ಅದರಲ್ಲಾದರೂ ಅರ್ಧ ಅರ್ಧ ಆಗ್ತಿರಬೇಕು, ನೋಡಿ ಹೇಳಿ!

ಗಣಿತದ_ಮೇಷ್ಟ್ರು

ಈ ಸಲ ಕಿಟ್ಟಿಯದೇ ಸರಿ. ಘನಮೂಲದಲ್ಲಿ ಊಹೆ ಒಂದು ಪಾಲು ಜಾಸ್ತಿ ಇದ್ದರೆ ಭಾಗಲಬ್ಧ ಎರಡು ಪಾಲು ಕಡಿಮೆ ಇರುತ್ತದೆ. ಸಮನಾಗಿ ಸರಾಸರಿ ತೆಗೆದರೆ ಅರ್ಧ ಪಾಲು ಕೆಳಗೆ ಉಳಿಯುತ್ತದೆ, ಹೊಡೆದುಹೋಗುವುದಿಲ್ಲ. ಊಹೆಯನ್ನು ಎರಡು ಸಲ, ಭಾಗಲಬ್ಧವನ್ನು ಒಂದು ಸಲ ಕೂಡಿಸಿ ಮೂರರಿಂದ ಭಾಗಿಸಿ ನೋಡಿ. 34ಕ್ಕೆ 3ರಿಂದ ಶುರುಮಾಡಿ, ಏನು ಬಂತು ಅಂತ ಇಲ್ಲೇ ಹಾಕಿ.